ಮಗನ ಬಾಕಿಗೆ ತಾಯಿಯ ಷೇರು ಹಣ ಹಿಡಿಯಬಹುದೇ?

ಕೇಳುಗರೆಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುವ ನನ್ನ ಬಳಿಗೆ ಷೇರಿನ ತಕರಾರು ಹೊತ್ತುಕೊಂಡು ಬರುವವರು ಈಗ ಜಾಸ್ತಿಯಾಗಿದ್ದಾರೆ. ಅದರಲ್ಲಿ ಒಂದು ತಕರಾರು ಪದೇ ಪದೇ ಬರುತ್ತದೆ. ಷೇರು ಮಾರಿದ್ದಾರೆ, ವಾರ ಕಳೆದಿದೆ, ಹಣ ಬ್ಯಾಂಕಿಗೆ ಬಂದಿಲ್ಲ. ಇವತ್ತು ಇದರಲ್ಲೇ ಒಂದು ಬಗೆಯನ್ನು ಮಾತ್ರ ಬಿಡಿಸಿ ಹೇಳುತ್ತೇನೆ. ಮನೆಯ ಒಬ್ಬರ ಬಾಕಿಗೆ ಇನ್ನೊಬ್ಬರ ಹಣ ಹಿಡಿಯುವ ಬಗೆ ಅದು.

ಗದಗ-ಬೆಟಗೇರಿಯ ಒಬ್ಬ ತಾಯಿ ಎಂದುಕೊಳ್ಳಿ. ಮನೆಯ ಮೇಲೆ ಸ್ಲ್ಯಾಬ್ ಹಾಕಿಸಬೇಕು, ಸಿಮೆಂಟು-ಸಳಿಗೆ ಅಡ್ವಾನ್ಸ್ ಕೊಡಬೇಕು. ಅದಕ್ಕಾಗಿ ಸೋಮವಾರ ತಮ್ಮ ಹೆಸರಿನ 200 ಷೇರುಗಳನ್ನು 610 ರೂಪಾಯಿಯಂತೆ ಮಾರುತ್ತಾರೆ. ಒಟ್ಟು 1,22,000. ಬ್ರೋಕರೇಜ್, ಜಿಎಸ್‌ಟಿ, ಷೇರು ವಹಿವಾಟು ತೆರಿಗೆ ಎಲ್ಲ ಸೇರಿ ಸುಮಾರು 560 ಹೋಗುತ್ತದೆ. ಕೈಗೆ ಬರಬೇಕಾದದ್ದು 1,21,440. ಗುರುವಾರವಾದರೂ ಹಣವಿಲ್ಲ. ಶುಕ್ರವಾರ ಬ್ರೋಕರ್‌ನ ಊರಿನ ಆಫೀಸಿಗೆ ಹೋಗುತ್ತಾರೆ. ಅಲ್ಲಿ ಸಿಗುವ ಉತ್ತರ ಇದು: "ಅಕ್ಕಾರ, ನಿಮ್ಮ ಮಗಂದು 86 ಸಾವಿರ ಬಾಕಿ ಐತ್ರಿ. ಅದು ಕ್ಲಿಯರ್ ಆಗೂ ತನಕ ಮ್ಯಾಲಿನವ್ರು ಬಿಡೂದಿಲ್ರಿ. ಬೇಕಂದ್ರ ಅದನ್ನ ಕಳದು 35,440 ಹಾಕಸ್ತೀವ್ರಿ."

ಮಗ ಎಫ್ ಅಂಡ್ ಓ, ಅಂದರೆ ಫ್ಯೂಚರ್ಸ್-ಆಪ್ಷನ್ಸ್ ವ್ಯಾಪಾರ ಆಡಿ ಕಳೆದುಕೊಂಡಿದ್ದಾನೆ. ಅವನ ಖಾತೆಯೂ ಅದೇ ಬ್ರೋಕರ್ ಹತ್ತಿರ ಇದೆ. ಅವನ ಮೇಲಿನ ಸಿಟ್ಟು, ನಾಚಿಕೆ ಎರಡೂ ಸೇರಿ ತಾಯಿ ತಲೆಯಾಡಿಸಿ ಎದ್ದು ಬರುತ್ತಾರೆ. ನನ್ನ ಮಾತು ಇರುವುದೇ ಇಲ್ಲಿ. ಹಾಗೆ ತಲೆಯಾಡಿಸಬೇಡಿ. ಬಾಯಿಮಾತಿನಲ್ಲಿ ಒಪ್ಪಲೂ ಬೇಡಿ, ಜಗಳಕ್ಕೂ ನಿಲ್ಲಬೇಡಿ. ಮೊದಲು ತಾರೀಖು ನೋಡಿ, ಆಮೇಲೆ ಬ್ರೋಕರ್ ಬಳಿ ಇರುವ ನಿಮ್ಮ ಜಮಾ-ಖರ್ಚಿನ ಲೆಡ್ಜರ್ ನೋಡಿ.

ತಾರೀಖಿನ ಲೆಕ್ಕ ಹೀಗಿದೆ. 2023ರ ಜನವರಿ 27ರಿಂದ ನಮ್ಮ ಷೇರುಪೇಟೆ ಪೂರ್ತಿಯಾಗಿ ಟಿ ಪ್ಲಸ್ ಒನ್ ಪದ್ಧತಿಗೆ ಬಂದಿದೆ. ಸೋಮವಾರ ಮಾರಿದರೆ ಮಂಗಳವಾರ ಸೆಟಲ್‌ಮೆಂಟ್. ಅಂದರೆ ಪೇಟೆಯ ಕೊಡು-ಕೊಳ್ಳುವ ಲೆಕ್ಕ ಚುಕ್ತಾ ಮಾಡುವ ಕ್ಲಿಯರಿಂಗ್ ಕಾರ್ಪೊರೇಷನ್ ಆ ಹಣವನ್ನು ಮಂಗಳವಾರವೇ ನಿಮ್ಮ ಬ್ರೋಕರ್‌ಗೆ ಕೊಡುತ್ತದೆ. ಇದಕ್ಕೆ ಪೇಔಟ್ ಎನ್ನುತ್ತಾರೆ. ಅಲ್ಲಿಂದ ಒಂದು ಕೆಲಸದ ದಿನದೊಳಗೆ ಹಣ ನಿಮ್ಮ ಬ್ಯಾಂಕಿಗೆ ಬರಬೇಕು. ಹಾಗಾಗಿ ಬುಧವಾರ. ನಡುವೆ ಸೆಟಲ್‌ಮೆಂಟ್ ರಜೆ ಬಂದರೆ ಒಂದು ದಿನ ಮುಂದೆ ಹೋಗುತ್ತದೆ. ಆದರೆ ಆ ರಜೆ ಮುಂಬೈ ಲೆಕ್ಕದ್ದು, ನಮ್ಮ ಊರಿನದಲ್ಲ. ರಾಜ್ಯೋತ್ಸವಕ್ಕೆ ನಮ್ಮ ಬ್ಯಾಂಕುಗಳು ಮುಚ್ಚಿರುತ್ತವೆ ಎಂದು ಮುಂಬೈಯ ಸೆಟಲ್‌ಮೆಂಟ್ ನಿಲ್ಲುವುದಿಲ್ಲ.

ಇಲ್ಲೊಂದು ಮುಖ್ಯ ತಿರುವು ಇದೆ. ಖಾತೆ ತೆರೆಯುವಾಗ ಸಹಿ ಮಾಡಿದ ಹಾಳೆಗಳಲ್ಲಿ ರನ್ನಿಂಗ್ ಅಕೌಂಟ್ ಒಪ್ಪಿಗೆ ಅಂತ ಒಂದು ಇರುತ್ತದೆ. ಬಹಳ ಜನ ಓದದೇ ಸಹಿ ಹಾಕಿರುತ್ತಾರೆ, ಈಗಂತೂ ಮೊಬೈಲಿನಲ್ಲಿ ಒಂದು ಟಿಕ್ ಅಷ್ಟೇ. ಆ ಒಪ್ಪಿಗೆ ಕೊಟ್ಟಿದ್ದರೆ ಮಾರಿದ ಹಣ ತಾನಾಗಿ ಬ್ಯಾಂಕಿಗೆ ಬರುವುದಿಲ್ಲ. ಬ್ರೋಕರ್ ಬಳಿ ನಿಮ್ಮ ಲೆಡ್ಜರಿನಲ್ಲಿ ಜಮಾ ಆಗಿ ಕೂತಿರುತ್ತದೆ. ನೀವು ಆರಿಸಿದಂತೆ ತಿಂಗಳಿಗೊಮ್ಮೆ ಇಲ್ಲವೇ ಮೂರು ತಿಂಗಳಿಗೊಮ್ಮೆ ಅದನ್ನು ಚುಕ್ತಾ ಮಾಡಿ ಕಳಿಸುತ್ತಾರೆ. ನಡುವೆ ಬೇಕೆಂದರೆ ನೀವೇ ಕೇಳಬೇಕು. ಕೇಳಿದ ಮೇಲೆ ಒಂದು ಕೆಲಸದ ದಿನದೊಳಗೆ ಕೊಡಬೇಕು. ಹೀಗಾಗಿ ಹಣ ಬರಲಿಲ್ಲ ಎಂದು ನನ್ನ ಬಳಿ ಬರುವವರನ್ನು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಆ್ಯಪಿನಲ್ಲಿ ವಿತ್‌ಡ್ರಾ ಒತ್ತಿದ್ದೀರಾ? ಅಥವಾ ಇ-ಮೇಲ್ ಹಾಕಿದ್ದೀರಾ? ಎಷ್ಟೋ ಜನ ಒತ್ತಿರುವುದೇ ಇಲ್ಲ. ಅಂಥವರ ಹಣವನ್ನು ಯಾರೂ ತಡೆದಿಲ್ಲ, ಅವರು ಕೇಳಿಲ್ಲ ಅಷ್ಟೇ.

ನಮ್ಮ ಬೆಟಗೇರಿ ತಾಯಿ ಬುಧವಾರವೇ ವಿತ್‌ಡ್ರಾ ಒತ್ತಿದ್ದಾರೆ ಎಂದುಕೊಳ್ಳೋಣ. ಹಾಗಾದರೆ ಗುರುವಾರದೊಳಗೆ ಹಣ ಬರಬೇಕಿತ್ತು. ಶುಕ್ರವಾರಕ್ಕೆ ಗಡುವು ಮೀರಿದೆ.

ಇನ್ನು ಲೆಡ್ಜರ್. ಬ್ರೋಕರ್ ಆ್ಯಪಿನಲ್ಲಿ ಇಲ್ಲವೇ ವೆಬ್‌ಸೈಟಿನಲ್ಲಿ ಅದನ್ನು ಇಳಿಸಿಕೊಳ್ಳಬಹುದು. ಷೇರು, ಎಫ್ ಅಂಡ್ ಓ ಹೀಗೆ ಎಲ್ಲ ಸೆಗ್ಮೆಂಟುಗಳದ್ದನ್ನೂ ಇಳಿಸಿಕೊಳ್ಳಿ, ಬರೀ ಷೇರಿನದು ಸಾಲದು. ಯಾಕೆಂದರೆ ಈ ಕಥೆಗೆ ಎರಡು ಮುಖ ಇವೆ.

ಒಂದು, 86 ಸಾವಿರದ ಬಾಕಿ ಇರುವುದು ಮಗನ ಹೆಸರಿನ, ಮಗನ ಪ್ಯಾನ್‌ನ, ಮಗನ ಕ್ಲೈಂಟ್ ಕೋಡ್‌ನ ಖಾತೆಯಲ್ಲಿ. ತಾಯಿಯ ಲೆಡ್ಜರಿನಲ್ಲಿ 1,21,440 ಜಮಾ ತೋರಿಸುತ್ತಿದೆ, ಬಾಕಿ ಏನೂ ಇಲ್ಲ. ಹೀಗಿದ್ದರೆ ಆಫೀಸಿನವರ ಮಾತಿಗೆ ನೆಲೆ ಇಲ್ಲ. ರನ್ನಿಂಗ್ ಅಕೌಂಟ್ ಚುಕ್ತಾ ಮಾಡುವಾಗ ಒಬ್ಬ ಗ್ರಾಹಕರ ಹಣವನ್ನು ಇನ್ನೊಬ್ಬರ ಬಾಕಿಗೆ ಹೊಂದಿಸಬಾರದು ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ನೇರವಾಗಿಯೇ ಹೇಳಿದೆ. ಗಂಡ-ಹೆಂಡತಿ, ತಾಯಿ-ಮಗ ಅಂತ ಅಲ್ಲಿ ವಿನಾಯಿತಿ ಇಟ್ಟಿಲ್ಲ. ಮಗನ ಬಾಕಿಯನ್ನು ಬ್ರೋಕರ್ ಮಗನಿಂದಲೇ ವಸೂಲಿ ಮಾಡಲಿ, ಅದಕ್ಕೆ ಬೇರೆ ದಾರಿ ಇದೆ.

ಎರಡನೆಯದು ಸ್ವಲ್ಪ ಕಹಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಖಾತೆ ತಾಯಿಯ ಹೆಸರಲ್ಲಿ, ಪಾಸ್‌ವರ್ಡ್ ಮಗನ ಕೈಯಲ್ಲಿ. ಅವನು ಎಫ್ ಅಂಡ್ ಓ ಆಡಿದ್ದು ತಾಯಿಯ ಖಾತೆಯಲ್ಲೇ ಆಗಿದ್ದರೆ, ಆ 86 ಸಾವಿರ ಕಾಗದದ ಮೇಲೆ ತಾಯಿಯದೇ ಬಾಕಿ. ಅದನ್ನು ಮುರಿದುಕೊಂಡು ಉಳಿದದ್ದನ್ನು ಕೊಡಲು ಬ್ರೋಕರ್‌ಗೆ ಹಕ್ಕಿದೆ. ಆಗಲೂ ಉಳಿದ 35,440 ಅನ್ನು ಸುಮ್ನೆ ಇಟ್ಟುಕೊಳ್ಳುವಂತಿಲ್ಲ. ಎಫ್ ಅಂಡ್ ಓ ವ್ಯವಹಾರ ಇನ್ನೂ ಮುಗಿಯದೇ ತೆರೆದಿದ್ದರೆ ಅದರ ಭದ್ರತೆಗೆ, ಅಂದರೆ ಮಾರ್ಜಿನ್‌ಗೆ, ಒಂದಿಷ್ಟು ಹಿಡಿದಿಡಬಹುದು, ಅದೂ ಲೆಕ್ಕ ತೋರಿಸಿ. ಯಾವ ಮುಖ ನಿಮ್ಮದು ಎಂದು ಲೆಡ್ಜರ್ ಹೇಳುತ್ತದೆ. ಆಫೀಸಿನ ಹುಡುಗನ ಮಾತು ಹೇಳುವುದಿಲ್ಲ.

ಲೆಡ್ಜರಿನ ಮೇಲೂ ನಂಬಿಕೆ ಇಲ್ಲ ಎನ್ನುವವರಿಗೆ ಇನ್ನೊಂದು ಕನ್ನಡಿ ಇದೆ. ನಿಮ್ಮ ಹಣ, ಷೇರು ಎಷ್ಟು ತನ್ನ ಬಳಿ ಇದೆ ಎಂದು ಬ್ರೋಕರ್ ಸ್ಟಾಕ್ ಎಕ್ಸ್‌ಚೇಂಜಿಗೆ ವರದಿ ಮಾಡಬೇಕು. ಆ ಅಂಕಿಯನ್ನು ಎಕ್ಸ್‌ಚೇಂಜ್ ನೇರವಾಗಿ ನಿಮ್ಮ ಮೊಬೈಲಿಗೆ, ಇ-ಮೇಲಿಗೆ ಕಳಿಸುತ್ತದೆ. ಜಾಹೀರಾತು ಅಂತ ಅಳಿಸಿಬಿಡಬೇಡಿ. ಲೆಡ್ಜರಿನ ಅಂಕಿಗೂ ಇದಕ್ಕೂ ತಾಳೆ ಆಗದಿದ್ದರೆ ಅದೇ ದೊಡ್ಡ ಸುಳಿವು.

ಕೇಳುವುದು ಯಾರನ್ನು? ಊರಿನ ಆಫೀಸಿನವರನ್ನು ನಾವು ಈಗಲೂ ಸಬ್-ಬ್ರೋಕರ್ ಎನ್ನುತ್ತೇವೆ. ಸೆಬಿ ಆ ವರ್ಗವನ್ನೇ 2019ರಲ್ಲಿ ತೆಗೆದುಹಾಕಿತು. ಈಗ ಅವರು ಬ್ರೋಕರ್ ಕಂಪನಿಯ ಅಧಿಕೃತ ವ್ಯಕ್ತಿಗಳು. ನಿಮ್ಮ ಹಣ ಅವರ ಕೈಯಲ್ಲಿ ಇರುವುದೇ ಇಲ್ಲ, ಇರಲೂಬಾರದು. ಹಾಗಾಗಿ ಅವರಿಗೆ ಕೊಟ್ಟ ಬಾಯಿಮಾತಿನ ದೂರು ಎಲ್ಲೂ ದಾಖಲಾಗದೇ ಹೋಗಬಹುದು. ಷೇರು ಮಾರಿದಾಗ ಬ್ರೋಕರ್ ಕಳಿಸುವ ವಹಿವಾಟಿನ ಚೀಟಿ, ಅಂದರೆ ಕಾಂಟ್ರ್ಯಾಕ್ಟ್ ನೋಟ್ ತೆಗೆದು ನೋಡಿ. ಕಂಪ್ಲಯನ್ಸ್ ಆಫೀಸರ್ ವಿವರ, ದೂರಿನ ಇ-ಮೇಲ್ ವಿಳಾಸ ಅದರಲ್ಲೇ ಇರುತ್ತವೆ. ಪತ್ರ ಹೋಗಬೇಕಾದದ್ದು ಅಲ್ಲಿಗೆ. ಊರಿನ ಆಫೀಸಿಗೆ ಒಂದು ಪ್ರತಿ ಸಾಕು.

ಪತ್ರ ಉದ್ದ ಬೇಡ. ಮನೆಯ ಕಷ್ಟ, ಸ್ಲ್ಯಾಬು, ಗೌಂಡಿ ಯಾವುದೂ ಬೇಡ. ನಾನಾದರೆ ಹೀಗೆ ಬರೆಸುತ್ತೇನೆ:

"ನನ್ನ ಕ್ಲೈಂಟ್ ಕೋಡ್ ಇಂಥದ್ದು. ಇಂಥ ತಾರೀಖಿನ ಕಾಂಟ್ರ್ಯಾಕ್ಟ್ ನೋಟ್ ಪ್ರಕಾರ 200 ಷೇರು ಮಾರಿದ್ದೇನೆ. ಪೇಔಟ್ ಮರುದಿನ ಆಗಿದೆ. ಲೆಡ್ಜರಿನಲ್ಲಿ 1,21,440 ರೂಪಾಯಿ ಜಮಾ ಇದೆ. ಬುಧವಾರ ಹಣ ಕೇಳಿದ್ದೇನೆ, ಬಂದಿಲ್ಲ. ನನ್ನ ಖಾತೆಯಲ್ಲಿ ಯಾವ ಬಾಕಿಯೂ ಇಲ್ಲ. ಬೇರೆ ಗ್ರಾಹಕರ ಬಾಕಿಗೆ ನನ್ನ ಹಣ ಹೊಂದಿಸಲು ನನ್ನ ಒಪ್ಪಿಗೆ ಇಲ್ಲ. ಪೂರ್ತಿ ಹಣವನ್ನು ನನ್ನ ನೋಂದಾಯಿತ ಬ್ಯಾಂಕ್ ಖಾತೆಗೆ ಕಳಿಸಿ. ತಡೆಯಲು ಕಾರಣವಿದ್ದರೆ, ಯಾವ ಖಾತೆ, ಯಾವ ಸೆಗ್ಮೆಂಟ್, ಎಷ್ಟು ಮೊತ್ತ ಎಂದು ಬರಹದಲ್ಲಿ ತಿಳಿಸಿ. ಇಂದಿನಿಂದ ನನ್ನ ರನ್ನಿಂಗ್ ಅಕೌಂಟ್ ಒಪ್ಪಿಗೆಯನ್ನು ಹಿಂಪಡೆಯುತ್ತಿದ್ದೇನೆ."

ಕೊನೆಯ ವಾಕ್ಯ ನಿಮ್ಮ ಇಷ್ಟ. ಆ ಒಪ್ಪಿಗೆಯನ್ನು ಯಾವಾಗ ಬೇಕಾದರೂ ವಾಪಸ್ ಪಡೆಯಬಹುದು. ಆಮೇಲೆ ಮಾರಿದ ಹಣವೆಲ್ಲ ಪ್ರತಿ ಸಲ ನೇರ ಬ್ಯಾಂಕಿಗೆ ಬರುತ್ತದೆ. ದಿನಾ ವ್ಯಾಪಾರ ಮಾಡುವವರಿಗೆ ಇದು ಕಿರಿಕಿರಿ, ವರ್ಷಕ್ಕೊಮ್ಮೆ ಮಾರುವವರಿಗೆ ಒಳ್ಳೆಯದೇ. ಪತ್ರ ಓದುವವರು ಮುಂಬೈಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಆದ್ದರಿಂದ ಯಾರಿಂದಲಾದರೂ ಇಂಗ್ಲಿಷಿನಲ್ಲಿ ಬರೆಸಿ, ಖಾತೆಗೆ ಕೊಟ್ಟ ಇ-ಮೇಲಿನಿಂದಲೇ ಕಳಿಸಿ. ಕಾಂಟ್ರ್ಯಾಕ್ಟ್ ನೋಟ್, ಲೆಡ್ಜರ್, ವಿತ್‌ಡ್ರಾ ಕೇಳಿದ ಸ್ಕ್ರೀನಿನ ಚಿತ್ರ ಈ ಮೂರನ್ನು ಜೊತೆಗಿಡಿ.

ಉತ್ತರವಾಗಿ ಒಂದು ಮಾತು ಬರಬಹುದು. "ತಾಯಿ ಗ್ಯಾರಂಟಿ ಪತ್ರಕ್ಕೆ ಸಹಿ ಮಾಡಿದ್ದಾರೆ." ಖಾತೆ ತೆರೆಯುವಾಗ ಖಾಲಿ ಬಿಟ್ಟ ಫಾರಮಿಗೂ ಸಹಿ ಹಾಕಿಸಿಕೊಳ್ಳುವವರು ಇದ್ದಾರೆ. ಹಾಗೆಂದರೆ ಆ ಪತ್ರದ ಪ್ರತಿ ಕೇಳಿ, ತಾರೀಖು ನೋಡಿ. ಈ ಹಂತದಲ್ಲಿ ಹೊಸ ಕಾಗದಕ್ಕೆ ಮಾತ್ರ ಸಹಿ ಹಾಕಬೇಡಿ. "35 ಸಾವಿರ ಈಗ ತಗೊಳ್ರಿ, ಇಲ್ಲೊಂದು ಸೈನ್ ಮಾಡ್ರಿ" ಎಂಬ ಕಾಗದವೇ ಆಮೇಲೆ ನಿಮ್ಮ ಒಪ್ಪಿಗೆಯಾಗಿ ಎದುರು ಬರುತ್ತದೆ.

ಕೆಲವು ಸಲ ಬ್ರೋಕರ್ ಕಳಿಸಿದ ಹಣ ವಾಪಸ್ ಹೋಗಿರುತ್ತದೆ. ಹಳೇ ಸಿಂಡಿಕೇಟ್ ಬ್ಯಾಂಕ್ ಖಾತೆ ಕೊಟ್ಟವರಿಗೆ ಇದು ಆಗಬಹುದು. ಆ ಬ್ಯಾಂಕು 2020ರ ಏಪ್ರಿಲ್‌ನಲ್ಲಿ ಕೆನರಾ ಜೊತೆ ಸೇರಿತು, ಹಳೇ ಐಎಫ್‌ಎಸ್‌ಸಿ ಸಂಖ್ಯೆಗಳು ಮರುವರ್ಷ ನಿಂತವು. ಇದು ತಕರಾರಲ್ಲ, ಬ್ರೋಕರ್ ಬಳಿ ಬ್ಯಾಂಕ್ ವಿವರ ತಿದ್ದಿಸಿದರೆ ಮುಗಿಯಿತು.

ಪತ್ರಕ್ಕೆ ಉತ್ತರ ಬರಲಿಲ್ಲ, ಅಥವಾ ಮಗನ ಬಾಕಿಯ ಮಾತನ್ನೇ ಮತ್ತೆ ಬರೆದರು. ಆಗ ಸೆಬಿಯ ದೂರಿನ ವೆಬ್‌ಸೈಟ್ ಸ್ಕೋರ್ಸ್‌ಗೆ ಹೋಗಿ. ವಿಳಾಸ scores.sebi.gov.in. ಪ್ಯಾನ್ ಬಳಸಿ ನೋಂದಣಿ ಮಾಡಿಕೊಂಡು, ಬ್ರೋಕರ್‌ಗೆ ಮೊದಲೇ ಬರೆದ ಪತ್ರವನ್ನು ಲಗತ್ತಿಸಬೇಕು. ಮೊದಲು ಬ್ರೋಕರ್‌ನ್ನು ಕೇಳದೇ ಇಲ್ಲಿಗೆ ಬರುವಂತಿಲ್ಲ, ಘಟನೆ ಆಗಿ ಒಂದು ವರ್ಷದೊಳಗೆ ಬರಬೇಕು. ಬ್ರೋಕರ್‌ಗೆ ಉತ್ತರ ಕೊಡಲು 21 ದಿನ. ಆ ಉತ್ತರ ಸರಿ ಎನಿಸದಿದ್ದರೆ 15 ದಿನದೊಳಗೆ ಮರುಪರಿಶೀಲನೆ ಕೇಳಬೇಕು. ಈ 15 ದಿನವನ್ನು ಜನ ಮರೆಯುತ್ತಾರೆ, ದೂರು ಮುಚ್ಚಿಹೋಗುತ್ತದೆ. ಫೋನಿನಲ್ಲಿ ಕೇಳುವುದಿದ್ದರೆ ಸೆಬಿಯ ಉಚಿತ ಸಂಖ್ಯೆ 1800 266 7575.

ಅದೂ ಆಗದಿದ್ದರೆ ತಕರಾರು ಆನ್‌ಲೈನಿನಲ್ಲೇ ಬಗೆಹರಿಸುವ ಸ್ಮಾರ್ಟ್ ಓಡಿಆರ್ ಇದೆ, ವಿಳಾಸ smartodr.in. ಇಲ್ಲಿ ಮೊದಲು ಸಂಧಾನ, ಆಮೇಲೆ ಪಂಚಾಯ್ತಿ ತೀರ್ಪು. ಎಲ್ಲವೂ ಆನ್‌ಲೈನ್. ಬೆಟಗೇರಿಯಲ್ಲೇ ಕೂತು ಮಾತಾಡಬಹುದು, ಮುಂಬೈಗೆ ಹೋಗಬೇಕಿಲ್ಲ. ಸಂಧಾನ ಮಾಡುವವರು ಕೇಳುವುದು ಆ ತಾಯಿಯ ಲೆಡ್ಜರಿನಲ್ಲಿ ಬಾಕಿ ಇದೆಯೇ, ಹಣ ಯಾವತ್ತು ಕೇಳಿದರು, ಬ್ರೋಕರ್ ಏನು ಬರೆದುಕೊಟ್ಟ ಎಂದು. ಮೂರಕ್ಕೂ ತಾಯಿಯ ಕೈಯಲ್ಲಿ ಕಾಗದ ಇದೆ. ಆದರೆ ಒಂದು ನೆನಪಿರಲಿ. ಓಡಿಆರ್ ಆರಿಸಿಕೊಂಡ ಕೂಡಲೇ ಸ್ಕೋರ್ಸ್‌ನಲ್ಲಿನ ದೂರು ಮುಗಿದಂತೆ ಲೆಕ್ಕ. ಹಾಗಾಗಿ ಸ್ಕೋರ್ಸ್‌ನ ಮರುಪರಿಶೀಲನೆ ಪೂರ್ತಿ ಆಗಲಿ, ಅಲ್ಲಿಯವರೆಗೆ ಓಡಿಆರ್‌ಗೆ ಅವಸರ ಬೇಡ.

ನಮಸ್ಕಾರ.