ನಲ್ಲಿ ನೀರು ಕೊನೇ ಮನೆಗೂ ಹೋಗ್ಬೇಕಲ್ಲ

ಕೇಳುಗರಿಗೆ ನಮಸ್ಕಾರ. ನಾನು ತುಮಕೂರು ಕಡೆಯ ಒಂದು ಸಣ್ಣ ಊರಿನ ಗ್ರಾಮ ಪಂಚಾಯ್ತಿ ಮೆಂಬರು. ಮೊನ್ನೆ ಅರಳೀಕಟ್ಟೆ ಹತ್ರ ವಾರ್ಡ್ ಸಭೆ ಮಾಡಿದ್ವಿ, ಜಲ ಜೀವನ್ ಮಿಷನ್ ಬಗ್ಗೆ, ನಮ್ಮ ರಾಜ್ಯದಲ್ಲಿ ಮನೆಮನೆಗೆ ಗಂಗೆ ಅಂತಾರಲ್ಲ ಅದೇ. ಅಲ್ಲಿ ಹೇಳಿದ್ದನ್ನೇ ನಿಮ್ಮತ್ರನೂ ಹೇಳ್ತೀನಿ, ಬೈಸಿಕೊಂಡಿದ್ದೂ ಸೇರಿಸಿ.

ಮೊದಲ ಪ್ರಶ್ನೆ ಕೆಳಗಿನ ಕೇರಿ ಅಜ್ಜಿದು. "ನೀರು ಕೊಡ್ತೀವಿ ಅಂತೀರ, ಹಂಗಾದ್ರೆ ಮೀಟ್ರು ಯಾಕವ್ವಾ? ಕರೆಂಟಿನ ಥರ ಇದಕ್ಕೂ ಬಿಲ್ಲಾ?" ನಾನು ಅಂದೆ, ಅಜ್ಜಿ, ಬಿಲ್ಲಿನ ಮಾತು ಆಮೇಲೆ, ಮೊದಲು ಲೆಕ್ಕ ನೋಡು. ಈ ಯೋಜನೇಲಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಮನೇಲಿ ಐದು ಜನ ಇದ್ರೆ 275 ಲೀಟರ್, ಅಂದ್ರೆ ನಮ್ಮ 15 ಲೀಟರ್ ಬಿಂದಿಗೇಲಿ ಹದಿನೆಂಟು ಬಿಂದಿಗೆ. ನಮ್ಮ ವಾರ್ಡಲ್ಲಿ 120 ಮನೆ, ಎಲ್ಲ ಸೇರಿ ದಿನಕ್ಕೆ 33 ಸಾವಿರ ಲೀಟರ್ ಬೇಕು. ನಮ್ಮ ಓವರ್‌ಹೆಡ್ ಟ್ಯಾಂಕು 50 ಸಾವಿರದ್ದು. ಟ್ಯಾಂಕ್ ತುಂಬಿದ್ರೆ ನೀರು ಸಾಲಲ್ಲ ಅನ್ನೋ ಮಾತೇ ಇಲ್ಲ, ಆದ್ರೂ ಕೆಳಗಿನ ಕೇರಿಗೆ ಬರ್ತಿಲ್ಲ, ಯಾಕೆ?

ಅದಕ್ಕೇ ಸಭೆಗಿಂತ ಮುಂಚೆ ನಾನೂ ನೀರುಗಂಟಿನೂ ಬಿಂದಿಗೆ ಹಿಡ್ಕೊಂಡು ಹೋಗಿ ಕೊನೇ ಮನೆ ನಲ್ಲಿ ಕೆಳಗೆ ಕೂತ್ವಿ. ಬೆಳಗ್ಗೆ ಆರಕ್ಕೆ ವಾಲ್ವ್ ತಿರುಗಿಸಿದ ತಕ್ಷಣ ನೀರು ಜೋರಾಗೇ ಬಂತು, ಒಂದೂವರೆ ನಿಮಿಷಕ್ಕೆ ಬಿಂದಿಗೆ ತುಂಬ್ತು. ಆರೂಹತ್ತಕ್ಕೆ ಮೇಲಿನ ಕೇರೀಲಿ ಗುರ್ ಗುರ್ ಅಂತ ಸದ್ದು ಶುರು ಆಯ್ತು ನೋಡಿ, ಇಲ್ಲಿ ಧಾರೆ ದಾರದ ಥರ ಆಗೋಯ್ತು, ಎರಡನೇ ಬಿಂದಿಗೆಗೆ ಏಳು ನಿಮಿಷ. ಮೋಟ್ರು! ನಲ್ಲಿ ಪೈಪಿಗೇ ಅರ್ಧ ಎಚ್‌ಪಿ ಮೋಟ್ರು ಹಾಕಿ ಎಳೀತಿದ್ರು.

ನೀರು ಕಳ್ಳತನ ಅಂತ ಬೈದು ಬಿಡಬಹುದು, ಆದ್ರೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಪೈಪಲ್ಲಿ ಪ್ರೆಶರ್ ಇರೋವರೆಗೂ ಜಾಯಿಂಟ್ ಸಡ್ಲ ಇದ್ರೂ ನೀರು ಹೊರಗೆ ಹೋಗ್ತದೆ, ಹೊರಗಿಂದು ಒಳಗೆ ಬರಲ್ಲ. ಮೋಟ್ರು ಎಳೆದಾಗ ಪ್ರೆಶರ್ ಸತ್ತು ಉಲ್ಟಾ ಆಗ್ತದೆ, ಪೈಪು ಚರಂಡಿ ದಾಟೋ ಜಾಗದಲ್ಲಿ ಆ ಗಲೀಜೂ ಒಳಗೆ ಬರ್ತದೆ. ಅದು ಮೋಟ್ರು ಹಾಕಿದೋರ ಮನೆಗೇ ಹೋಗ್ತದೆ ಅಂತೇನಿಲ್ಲ, ಪಕ್ಕದ್ಮನೆ ಮಗು ಕುಡೀಬಹುದು. ಗೊತ್ತಾಗೋದು ಹೆಂಗೆ ಅಂದ್ರೆ, ನೀರು ಬಿಟ್ಟಾಗ ಮೊದಲ ಚೊಂಬು ಕದಡಿದ್ರೆ, ವಾಸನೆ ಬಂದ್ರೆ, ಅನುಮಾನ ಪಡಿ. ಪಂಚಾಯ್ತೀಲಿ ಕ್ಲೋರಿನ್ ಟೆಸ್ಟ್ ಕಿಟ್ ಇದೆ, ಸಣ್ಣ ಬಾಟ್ಲಿಗೆ ನೀರು ಹಿಡಿದು ಹನಿ ಬಿಟ್ರೆ ಹಳದಿ ಆಗ್ಬೇಕು, ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಇರ್ಬೇಕು. ಟ್ಯಾಂಕ್ ಹತ್ರ ಹಳದಿ ಬಂದು ಕೊನೇ ಮನೇಲಿ ಬಣ್ಣಾನೇ ಬರಲಿಲ್ಲ ಅಂದ್ರೆ ದಾರೀಲಿ ಎಲ್ಲೋ ಗಲೀಜು ಸೇರಿರಬಹುದು, ಆ ಲೈನ್ ಹುಡುಕ್ಬೇಕು. ಹಾಂ, ಕ್ಲೋರಿನ್ ಹಾಕಿದ್ರೆ ಫ್ಲೋರೈಡ್ ಹೋಗಲ್ಲ, ಕುದಿಸಿದ್ರೂ ಹೋಗಲ್ಲ. ನಮ್ಮ ಬೋರಲ್ಲಿ ಫ್ಲೋರೈಡ್ ಜಾಸ್ತಿ ಇರೋದ್ರಿಂದ ಕುಡಿಯೋಕೆ, ಅಡುಗೆಗೆ ಶುದ್ಧ ನೀರಿನ ಘಟಕದ ಕ್ಯಾನೇ ಸದ್ಯಕ್ಕೆ ಗತಿ, ಇದನ್ನ ಮುಚ್ಚಿಡಲ್ಲ.

ಈಗ ಮೀಟ್ರಿಗೆ ಬರೋಣ. ಅದರಲ್ಲಿ ಕಪ್ಪು ಅಂಕಿ ಒಂದು ಏರಿದ್ರೆ ಸಾವಿರ ಲೀಟರ್ ಹೋಯ್ತು ಅಂತ. ಐದು ಜನರ ಮನೇಲಿ ತಿಂಗಳಿಗೆ ಸುಮಾರು ಎಂಟು ಏರ್ಬೇಕು. ಒಬ್ಬರ ಮನೇಲಿ ಇಪ್ಪತ್ತು, ಇನ್ನೊಬ್ಬರ ಮನೇಲಿ ಮೂರು ಅಂದ್ರೆ ನೀರು ಎಲ್ಲಿ ಹೋಗ್ತಿದೆ ಅಂತ ಜಗಳ ಮಾಡದೇ ಗೊತ್ತಾಗ್ತದೆ. ನಲ್ಲಿ ಪೂರ್ತಿ ಬಂದ್ ಮಾಡಿದ್ರೂ ಮೀಟ್ರಿನ ಸಣ್ಣ ಚಕ್ರ ತಿರುಗ್ತಾ ಇದ್ರೆ ನಿಮ್ಮ ಮನೆ ಪೈಪೇ ಸೋರ್ತಿದೆ. ಒಂದು ದೂರು ಮಾತ್ರ ನಿಜ, ನೀರು ಬರೋಕೆ ಮುಂಚೆ ಪೈಪಲ್ಲಿರೋ ಗಾಳಿಗೂ ಮೀಟ್ರು ತಿರುಗ್ತದೆ. ಎತ್ತರದ ಜಾಗದಲ್ಲಿ ಏರ್ ವಾಲ್ವ್ ಹಾಕಿಸ್ಬೇಕು, ಕಾಮಗಾರಿ ಒಪ್ಪಿಸಿಕೊಳ್ಳೋ ಮೊದ್ಲೇ ಹಾಕಿಸಿ ಅಂತ ಬರೆದು ಕೊಟ್ಟಿದೀವಿ.

ಸಭೇಲಿ ತೀರ್ಮಾನ ಆಗಿದ್ದು ಇಷ್ಟು. ವಾರ್ಡನ್ನ ಮೂರು ಲೈನ್ ಮಾಡಿ, ಲೈನಿಗೆ 40 ಮನೆ, ಒಂದೊಂದಕ್ಕೆ ಅರ್ಧ ಗಂಟೆ ನೀರು. ಒಂದು ಮನೆಗೆ ನಿಮಿಷಕ್ಕೆ ಹತ್ತು ಲೀಟರ್ ಬಂದ್ರೂ ಅರ್ಧ ಗಂಟೇಲಿ 300 ಲೀಟರ್ ಆಗ್ತದೆ. ಮೊದಲ ವಾಲ್ವ್ ಕೆಳಗಿನ ಕೇರಿದು. ಮೋಟ್ರು ಹಾಕಿದೋರು ಯಾರು ಅಂತ ಸಭೇಲಿ ಹೆಸರು ಕೇಳಿದ್ರು, ನಾನು ತಲೆ ತಗ್ಗಿಸ್ಕೊಂಡು ಕೈ ಎತ್ತಿದೆ. ನಮ್ಮನೆಯೋರು ಹಾಕಿದ್ರು ಕಣ್ರೀ, ಬೇಸಿಗೇಲಿ. ಮಾರನೇ ದಿನಾನೇ ಕಳಚಿ ಕೊಟ್ಟಿಗೇಲಿ ಇಟ್ವಿ. ಇವತ್ತು ಬೆಳಗ್ಗೆ ಮೇಲಿನ ಕೇರೀಲಿ ಎರಡೇ ಮೋಟ್ರು ಸದ್ದು ಕೇಳ್ತು. ಯಾರ ಮನೇದು ಅಂತ ನೀರುಗಂಟಿಗೆ ಗೊತ್ತು, ಸಂಜೆ ಹೋಗಿ ಮಾತಾಡ್ಬೇಕು.