ಪನಾಮಾ ಕಾಲುವೆಯಲ್ಲಿ ಹಡಗು ಮೇಲೇರುವ ಬಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳ ನಡುವೆ 1914ರ ಆಗಸ್ಟ್ 15ರಂದು ಸಂಚಾರಕ್ಕೆ ತೆರೆದ ಪನಾಮಾ ಕಾಲುವೆಯು ಒಂದೇ ಮಟ್ಟದಲ್ಲಿ ಹರಿಯುವ ಕಾಲುವೆಯಲ್ಲ. ಷಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿ ನಿರ್ಮಿಸಿದ ಗಾಟೂನ್ ಸರೋವರವು ಅದರ ನಡುಭಾಗದಲ್ಲಿದೆ. ಆ ಸರೋವರದ ನೀರು ಸಮುದ್ರಮಟ್ಟಕ್ಕಿಂತ ಸುಮಾರು 26 ಮೀಟರ್ ಎತ್ತರದಲ್ಲಿ ನಿಂತಿದೆ. ಹಾಗಾಗಿ ಈ ದಾರಿಯಲ್ಲಿ ಹೋಗುವ ಪ್ರತಿಯೊಂದು ಹಡಗೂ ಒಂದು ಕಡೆಯಲ್ಲಿ ಅಷ್ಟು ಎತ್ತರವನ್ನು ಏರಬೇಕು, ಇನ್ನೊಂದು ಕಡೆಯಲ್ಲಿ ಅಷ್ಟನ್ನೇ ಇಳಿಯಬೇಕು. ಹತ್ತಾರು ಸಾವಿರ ಟನ್ ತೂಗುವ ಹಡಗನ್ನು ಮೇಲೆತ್ತುವುದಕ್ಕೆ ಅಲ್ಲಿ ಕ್ರೇನ್ ಇಲ್ಲ. ನೀರನ್ನು ಮೇಲಕ್ಕೆ ತಳ್ಳುವ ಪಂಪ್ ಕೂಡ ಇಲ್ಲ. ಮೇಲಿನಿಂದ ತಾನಾಗಿ ಇಳಿದು ಬರುವ ನೀರೇ ಹಡಗನ್ನು ಮೇಲಕ್ಕೆತ್ತುತ್ತದೆ. ಇದು ನಡೆಯುವ ರೀತಿಯನ್ನು ಕೆರಿಬಿಯನ್ ಸಮುದ್ರದ ಕಡೆಯಿರುವ ಗಾಟೂನ್ ಲಾಕ್‌ಗಳಲ್ಲಿ ಒಂದು ಹಡಗನ್ನು ಹಿಂಬಾಲಿಸುತ್ತಾ ನೋಡೋಣ.

ಲಾಕ್ ಎಂದರೆ ಎರಡೂ ತುದಿಗಳಲ್ಲಿ ಬಾಗಿಲುಗಳಿರುವ, ಮೇಲೆ ತೆರೆದಿರುವ ಕಾಂಕ್ರೀಟಿನ ಉದ್ದನೆಯ ಕೋಣೆ. ಗಾಟೂನಿನಲ್ಲಿ ಇಂಥ ಮೂರು ಕೋಣೆಗಳು ಮೆಟ್ಟಿಲುಗಳಂತೆ ಒಂದರ ಮುಂದೊಂದು ಇವೆ. ಪ್ರತಿಯೊಂದು ಕೋಣೆಯ ಉದ್ದ ಸುಮಾರು 305 ಮೀಟರ್, ಅಗಲ ಮೂವತ್ತಮೂರೂವರೆ ಮೀಟರ್. ಮೊದಲ ಕೋಣೆಯ ನೀರು ಸಮುದ್ರದ ಮಟ್ಟದಲ್ಲಿರುವಾಗ ಕೆಳಗಿನ ಬಾಗಿಲು ತೆರೆದು ಹಡಗು ಒಳಗೆ ಬರುತ್ತದೆ. ಈ ಕೋಣೆಗಳಲ್ಲಿ ಹಿಡಿಸುವ ದೊಡ್ಡ ಹಡಗುಗಳ ಅಗಲ 32 ಮೀಟರಿಗೂ ತುಸು ಹೆಚ್ಚು, ಹಾಗಾಗಿ ಎರಡೂ ಬದಿಗಳಲ್ಲಿ ಉಳಿಯುವುದು ತಲಾ ಅರವತ್ತು ಸೆಂಟಿಮೀಟರಿನಷ್ಟು ಜಾಗ ಮಾತ್ರ. ಹಡಗು ಒಳಬರುವಾಗ ಅದರ ಮುಂದಿರುವ ನೀರು ಬದಿಗಳ ಮತ್ತು ತಳದ ಕಿರಿದಾದ ಸಂದಿನಲ್ಲೇ ಹಿಂದಕ್ಕೆ ಹೋಗಬೇಕಾಗುವುದರಿಂದ ವೇಗವನ್ನು ಬಹಳ ತಗ್ಗಿಸಲೇಬೇಕು. ಗೋಡೆಗಳ ಮೇಲೆ ಹಳಿಗಳಲ್ಲಿ ಓಡುವ ವಿದ್ಯುತ್ ಎಂಜಿನ್‌ಗಳು ಉಕ್ಕಿನ ಹಗ್ಗಗಳಿಂದ ಹಡಗನ್ನು ಎರಡೂ ಕಡೆ ಬಿಗಿಹಿಡಿದು ನಡುವಿನಲ್ಲಿ ನಿಲ್ಲಿಸುತ್ತವೆ.

ಹಿಂದಿನ ಬಾಗಿಲು ಮುಚ್ಚಿದ ಮೇಲೆ ನೀರು ತುಂಬಿಸುವ ಕೆಲಸ ಆರಂಭವಾಗುತ್ತದೆ. ಕೋಣೆಯ ಗೋಡೆಗಳೊಳಗೆ, ಐದೂವರೆ ಮೀಟರ್ ವ್ಯಾಸದ, ಅಂದರೆ ಒಂದು ರೈಲು ಎಂಜಿನ್ ಸಲೀಸಾಗಿ ಹಾದುಹೋಗುವಷ್ಟು ದೊಡ್ಡ ಸುರಂಗ ನಾಲೆಗಳಿವೆ. ಇವುಗಳ ಬಾಯಿಗೆ ಮೇಲೆ ಕೆಳಗೆ ಸರಿಯುವ ಉಕ್ಕಿನ ತೂಬುಗಳನ್ನು ಅಳವಡಿಸಿದ್ದಾರೆ. ಮೇಲಿನ ತೂಬನ್ನು ಎತ್ತಿದೊಡನೆ ನೀರು ಈ ಸುರಂಗಗಳಿಗೆ ನುಗ್ಗುತ್ತದೆ. ಅಲ್ಲಿಂದ ಕೋಣೆಯ ತಳದಡಿ ಅಡ್ಡಲಾಗಿ ಹಾಯುವ ಚಿಕ್ಕ ನಾಲೆಗಳಿಗೆ ಹರಿದು, ನೆಲದಲ್ಲಿರುವ ನೂರು ರಂಧ್ರಗಳ ಮೂಲಕ ಮೇಲೇಳುತ್ತದೆ. ಇಷ್ಟು ಸುತ್ತುದಾರಿ ಏಕೆಂದರೆ, ನೀರನ್ನು ಒಂದೇ ತುದಿಯಿಂದ ಬಿಟ್ಟರೆ ಅದು ಅಲೆಯಾಗಿ ಓಡಿ ಹಡಗನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡುತ್ತದೆ. ಹಗ್ಗಗಳು ಕಡಿಯಬಹುದು, ಹಡಗು ಬಾಗಿಲಿಗೆ ಬಡಿಯಬಹುದು. ತಳದ ಉದ್ದಗಲಕ್ಕೂ ಸಮನಾಗಿ ನೀರೇಳುವುದರಿಂದಲೇ ಅಷ್ಟು ದೊಡ್ಡ ಕೋಣೆ ಸುಮಾರು ಎಂಟು ನಿಮಿಷಗಳಲ್ಲಿ ತುಂಬಿದರೂ ಹಡಗು ನೆಟ್ಟಗೆ ಮೇಲೇರುತ್ತದೆ.

ಈ ನೀರು ಬರುವುದು ಮೇಲಿನ ಕೋಣೆಯಿಂದ. ಎರಡೂ ಕೋಣೆಗಳ ಮಟ್ಟ ಒಂದಾಗುವವರೆಗೆ ಮೇಲಿನದು ಇಳಿಯುತ್ತದೆ, ಕೆಳಗಿನದು ಏರುತ್ತದೆ. ಮಟ್ಟ ಒಂದಾಗದೆ ನಡುವಿನ ಬಾಗಿಲನ್ನು ತೆರೆಯಲಾಗದು. ಜೋಡಿ ಬಾಗಿಲಿನ ಎರಡು ರೆಕ್ಕೆಗಳು ಮುಚ್ಚಿದಾಗ, ನೀರು ಎತ್ತರದಲ್ಲಿರುವ ಕಡೆಗೆ ಮೊನೆ ಮಾಡಿಕೊಂಡು ಕೋನಾಕಾರದಲ್ಲಿ ನಿಲ್ಲುತ್ತವೆ. ಆದ್ದರಿಂದ ಮೇಲಿನ ನೀರು ಒತ್ತಿದಷ್ಟೂ ಅವು ಇನ್ನಷ್ಟು ಬಿಗಿಯಾಗಿ ಒಂದಕ್ಕೊಂದು ಕೂಡುತ್ತವೆ. ಮಟ್ಟದಲ್ಲಿ ಕೇವಲ ಹತ್ತು ಸೆಂಟಿಮೀಟರ್ ವ್ಯತ್ಯಾಸ ಉಳಿದಿದ್ದರೂ ಬಾಗಿಲಿನ ಮೇಲೆ ಬೀಳುವ ಒತ್ತಡವು ನಲವತ್ತು ಟನ್ನಿಗಿಂತ ಹೆಚ್ಚು. ಮಟ್ಟ ಪೂರ್ತಿ ಸಮನಾದಾಗ ಆ ಒತ್ತಡ ಇಲ್ಲವಾಗುತ್ತದೆ. ಬಾಗಿಲಿನ ರೆಕ್ಕೆಗಳು ಒಳಗೆ ಟೊಳ್ಳಾಗಿದ್ದು ನೀರಿನಲ್ಲಿ ಬಹುಮಟ್ಟಿಗೆ ತೇಲುವುದರಿಂದ ಕೀಲುಗಳ ಮೇಲಿನ ಭಾರವೂ ಕಡಿಮೆ. ನೂರಾರು ಟನ್ ತೂಗುವ ಒಂದೊಂದು ರೆಕ್ಕೆಯನ್ನು ತಿರುಗಿಸಲು 1914ರಲ್ಲಿ 25 ಅಶ್ವಶಕ್ತಿಯ ಒಂದು ಮೋಟಾರು ಸಾಕಾಗಿತ್ತು. ಇಡೀ ಕಾಲುವೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ವಿವೇಕ ಇದು: ನೀರಿನ ಒತ್ತಡವನ್ನು ಯಂತ್ರಬಲದಿಂದ ಎದುರಿಸದೆ, ಅದು ತಾನೇ ತಗ್ಗುವವರೆಗೆ ಕಾಯುವುದು.

ಇಲ್ಲಿ ಒಂದು ಲೆಕ್ಕ ಮಾಡಿ ನೋಡಬೇಕು. ಗಾಟೂನಿನ ಒಂದು ಮೆಟ್ಟಿಲಿನ ಏರಿಕೆ ಎಂಟೂ ಮುಕ್ಕಾಲು ಮೀಟರಿನ ಆಸುಪಾಸು. ಇದನ್ನು ಕೋಣೆಯ ಉದ್ದ ಮತ್ತು ಅಗಲದಿಂದ ಗುಣಿಸಿ, ಬಾಗಿಲುಗಳ ಬಳಿಯ ಹೆಚ್ಚುವರಿ ಜಾಗವನ್ನೂ ಸೇರಿಸಿದರೆ, ಒಂದು ಸಲ ತುಂಬಲು ಸುಮಾರು ಒಂದು ಲಕ್ಷ ಘನ ಮೀಟರ್ ನೀರು ಬೇಕಾಗುತ್ತದೆ. ಕೋಣೆಯಲ್ಲಿರುವುದು ಭಾರಿ ಹಡಗಾದರೂ ಚಿಕ್ಕ ದೋಣಿಯಾದರೂ ಈ ಪ್ರಮಾಣ ಬದಲಾಗುವುದಿಲ್ಲ, ಏಕೆಂದರೆ ತೇಲುವ ವಸ್ತು ನೀರಿನೊಳಗೆ ಆಕ್ರಮಿಸುವ ಜಾಗ ಏರುವ ಮೊದಲೂ ಏರಿದ ಮೇಲೂ ಒಂದೇ ಆಗಿರುತ್ತದೆ. ಚಿಕ್ಕ ದೋಣಿಗಳನ್ನು ಒಟ್ಟುಗೂಡಿಸಿ ಒಂದೇ ಬಾರಿಗೆ ದಾಟಿಸುವುದು ಇದೇ ಕಾರಣಕ್ಕೆ. ಏರುವುದಕ್ಕೂ ಇಳಿಯುವುದಕ್ಕೂ ಸೇರಿ ಒಂದು ಹಡಗಿನ ಪೂರ್ತಿ ಪ್ರಯಾಣಕ್ಕೆ ಸುಮಾರು 20 ಕೋಟಿ ಲೀಟರ್ ಸಿಹಿನೀರು ಸರೋವರದಿಂದ ಸಮುದ್ರಕ್ಕೆ ಹೋಗುತ್ತದೆ. ಆ ಸರೋವರಕ್ಕೆ ನೀರು ಬರುವುದು ಮಳೆಯಿಂದ ಮಾತ್ರ.

2016ರ ಜೂನ್‌ನಲ್ಲಿ ತೆರೆದ ಹೊಸ ಲಾಕ್‌ಗಳ ಕೋಣೆಗಳು ಹಳೆಯವುಗಳಿಗಿಂತ ಬಹಳ ದೊಡ್ಡವು: 427 ಮೀಟರ್ ಉದ್ದ, 55 ಮೀಟರ್ ಅಗಲ. ಆದರೂ ಅವು ಹಳೆಯವುಗಳಿಗಿಂತ ತುಸು ಕಡಿಮೆ ನೀರನ್ನೇ ಬಳಸುತ್ತವೆ. ಪ್ರತಿ ಕೋಣೆಯ ಪಕ್ಕದಲ್ಲಿ ಮೂರು ತೆರೆದ ತೊಟ್ಟಿಗಳನ್ನು ಬೇರೆ ಬೇರೆ ಎತ್ತರಗಳಲ್ಲಿ ಕಟ್ಟಿರುವುದೇ ಇದಕ್ಕೆ ಕಾರಣ. ಕೋಣೆಯಿಂದ ಖಾಲಿಯಾಗಬೇಕಾದ ನೀರನ್ನು ಐದು ಸಮ ಪದರಗಳೆಂದು ಕಲ್ಪಿಸಿಕೊಳ್ಳಿ. ಅತಿ ಮೇಲಿನ ಪದರವು ಎತ್ತರದ ತೊಟ್ಟಿಗೂ, ಎರಡನೆಯದು ನಡುವಿನದಕ್ಕೂ, ಮೂರನೆಯದು ತಗ್ಗಿನದಕ್ಕೂ ತಾನಾಗಿ ಹರಿದುಹೋಗುತ್ತದೆ. ಉಳಿದ ಎರಡು ಪದರಗಳು ಮಾತ್ರ ಕೆಳಗಿನ ಕೋಣೆಗೆ ಇಳಿಯುತ್ತವೆ. ಮತ್ತೆ ತುಂಬಿಸುವಾಗ ತಗ್ಗಿನ ತೊಟ್ಟಿಯ ನೀರು ಮೊದಲು ಬಂದು ತಳದ ಪದರವಾಗುತ್ತದೆ, ಅದರ ಮೇಲೆ ನಡುವಿನದು, ಬಳಿಕ ಎತ್ತರದ್ದು. ಹೀಗೆ ಐದರಲ್ಲಿ ಮೂರು ಪಾಲು, ಅಂದರೆ ನೂರಕ್ಕೆ ಅರವತ್ತರಷ್ಟು ನೀರು ಮರಳಿ ಬಳಕೆಗೆ ಬರುತ್ತದೆ. ಇಲ್ಲಿಯೂ ಪಂಪ್ ಇಲ್ಲ.

ಆದರೆ ಈ ಉಳಿತಾಯಕ್ಕೂ ಒಂದು ತೊಡಕಿದೆ. ಬಾಗಿಲು ತೆರೆದಾಗ ಭಾರವಾದ ಉಪ್ಪುನೀರು ತಳದಲ್ಲಿ ಒಳಗೆ ಸರಿಯುತ್ತದೆ, ಹಗುರವಾದ ಸಿಹಿನೀರು ಅದರ ಮೇಲಿನಿಂದ ಹೊರಗೆ ಹೋಗುತ್ತದೆ. ಮರುಬಳಕೆಯ ನೀರಿನಲ್ಲಿ ಈ ಉಪ್ಪೂ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಸರೋವರದತ್ತ ಏರುತ್ತದೆ. ಪನಾಮಾ ನಗರಕ್ಕೂ ಕೊಲೋನ್ ನಗರಕ್ಕೂ ಕುಡಿಯುವ ನೀರನ್ನು ಒದಗಿಸುವುದೂ ಅದೇ ಜಲಾಶಯ ವ್ಯವಸ್ಥೆಯಾದ್ದರಿಂದ ಸರೋವರದ ಉಪ್ಪಿನ ಅಂಶವನ್ನು ಸದಾ ಅಳೆಯುತ್ತಿರಬೇಕಾಗುತ್ತದೆ.

2023ರಲ್ಲಿ ಎಲ್ ನಿನ್ಯೋ ಪ್ರಭಾವದಿಂದ ಮಳೆ ಕೊರತೆಯಾದಾಗ, ಸಾಮಾನ್ಯವಾಗಿ ದಿನಕ್ಕೆ ಸುಮಾರು 36 ಇರುತ್ತಿದ್ದ ಹಡಗುಗಳ ಸಂಖ್ಯೆಯನ್ನು ಹಂತಹಂತವಾಗಿ 22ರವರೆಗೆ ಇಳಿಸಬೇಕಾಯಿತು. ಹೊಸ ಲಾಕ್‌ಗಳಲ್ಲಿ ಹೋಗುವ ಹಡಗುಗಳು ನೀರಿನೊಳಗೆ 15 ಮೀಟರಿನಷ್ಟು ಮುಳುಗಿ ಸಾಗುವ ಬದಲು ಹದಿಮೂರೂವರೆ ಮೀಟರಿನೊಳಗೆ ಉಳಿಯುವಂತೆ ಸರಕನ್ನು ಕಡಿಮೆ ಹೇರಬೇಕಾಯಿತು. ಈಗ ನೆರೆಯ ಇಂಡಿಯೋ ನದಿಗೆ ಅಣೆಕಟ್ಟು ಕಟ್ಟಿ, ಸುರಂಗದ ಮೂಲಕ ಆ ನೀರನ್ನು ಗಾಟೂನಿಗೆ ತರುವ ಯೋಜನೆಯನ್ನು ಕಾಲುವೆ ಪ್ರಾಧಿಕಾರವು ಮುಂದಿಟ್ಟಿದೆ. ಅದರಿಂದ ಮುಳುಗಡೆಯಾಗುವ ಹಳ್ಳಿಗಳ ರೈತರು ಅದನ್ನು ವಿರೋಧಿಸುತ್ತಿದ್ದಾರೆ.

ನಮಸ್ಕಾರ.