ಹೊತ್ತು, ಅಂಕಿ, ಹೆಸರು: ಪಾಳಿ ಬದಲಾಗುವಾಗಿನ ಬರಹ

ಕೇಳುಗರಿಗೆ ನಮಸ್ಕಾರ. ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮನೆಗೆ ಹೊರಟಿರುವ ಸಿಸ್ಟರ್‌ಗಳೇ, ಬ್ರದರ್‌ಗಳೇ, ಈ ಮಾತು ಮುಖ್ಯವಾಗಿ ನಿಮಗೆ. ನಿದ್ದೆ ಬರುತ್ತಿದೆ ಅಂತ ಗೊತ್ತು. ಆದರೂ ಹತ್ತು ನಿಮಿಷ ಕೇಳಿ.

ನಾವು ಪಾಳಿ ಬಿಡುವಾಗ ರಿಪೋರ್ಟ್ ಬುಕ್ಕಿನಲ್ಲಿ ಬರೆದು, ಬಾಯಲ್ಲೂ ಹೇಳಿ ಹೋಗುತ್ತೇವೆ. ಪ್ರತಿ ರೋಗಿಗೆ ಮೂರು ವಿಷಯ ಬೇಕು. ಈಗ ಹೇಗಿದ್ದಾರೆ, ಯಾವ ಪರೀಕ್ಷೆ ಬಾಕಿ ಇದೆ, ಏನಾದರೆ ಯಾರನ್ನು ಕರೆಯಬೇಕು. ಮೊದಲನೆಯದನ್ನು ಎಲ್ಲರೂ ಹೇಗೋ ಬರೆಯುತ್ತಾರೆ. ಎರಡನೆಯದಕ್ಕೆ ‘ರಿಪೋರ್ಟ್ ಬರಬೇಕು’ ಅಂತ ಗೀಚುತ್ತಾರೆ. ಮೂರನೆಯದನ್ನು ಬರೆಯುವುದೇ ಇಲ್ಲ. ನಾನು ಇವತ್ತು ಹೇಳಲು ಬಂದಿರುವುದು ಒಂದೇ ಮಾತು: ಬಾಕಿ ಇರುವ ಪ್ರತಿ ಪರೀಕ್ಷೆಯ ಮುಂದೆ ಒಂದು ಹೊತ್ತು, ಒಂದು ಅಂಕಿ, ಒಬ್ಬರ ಹೆಸರು ಇರಲೇಬೇಕು.

ಇದನ್ನು ನನಗೆ ಕಲಿಸಿದ್ದು ಒಬ್ಬ ಹುಡುಗ. ನಾನಾಗ ಕೆಲಸಕ್ಕೆ ಸೇರಿ ಮೂರು ವರ್ಷ. ಮಳೆ ನಿಂತ ತಿಂಗಳು, ಗಂಡಸರ ಮೆಡಿಕಲ್ ವಾರ್ಡಿನ ತುಂಬ ಡೆಂಗ್ಯೂ. ನನ್ನದು ಮಧ್ಯಾಹ್ನ 2ರಿಂದ ರಾತ್ರಿ 8ರ ಡ್ಯೂಟಿ. 14ನೇ ಬೆಡ್‌ನಲ್ಲಿ 24 ವರ್ಷದ ಹುಡುಗ, 60 ಕೆಜಿ ತೂಕ, ಜ್ವರ ಶುರುವಾಗಿ ಅವತ್ತಿಗೆ 5ನೇ ದಿನ. ಬೆಳಿಗ್ಗೆಯಷ್ಟೇ ಜ್ವರ ಬಿಟ್ಟಿತ್ತು. ಅವನಮ್ಮ ದೇವರಿಗೆ ಹರಕೆ ಹೊತ್ತಿದ್ದರು, ಹುಡುಗನೂ ಗೆಲುವಾಗಿ ‘ಸಿಸ್ಟರ್, ನಾಳೆ ಕಳಿಸ್ತೀರಾ?’ ಅಂತ ಕೇಳಿದ್ದ. 3 ಗಂಟೆಗೆ ಪಿಸಿವಿ, ಪ್ಲೇಟ್‌ಲೆಟ್‌ಗೆ ರಕ್ತ ತೆಗೆದು ಕಳಿಸಿದೆ. 8 ಗಂಟೆಗೆ ಬುಕ್ಕಿನಲ್ಲಿ ಬರೆದೆ: ‘ಬೆಡ್ 14, ಡೆಂಗ್ಯೂ, ಜ್ವರ ಇಲ್ಲ, ಸ್ಟೇಬಲ್. ರಿಪೋರ್ಟ್ ಬರಬೇಕು.’ ಸಹಿ ಹಾಕಿ ಮನೆಗೆ ಹೋದೆ.

ರಾತ್ರಿಗೆ ಬಂದವರು ನನಗಿಂತ ಹಿರಿಯರು, ನಾವೆಲ್ಲ ಅಕ್ಕ ಅಂತಲೇ ಕರೆಯುತ್ತಿದ್ದೆವು. ಒಬ್ಬರ ಕೈಯಲ್ಲಿ 30 ರೋಗಿಗಳು. ‘ಸ್ಟೇಬಲ್’ ಅಂತ ಓದಿದ ಮೇಲೆ ಯಾರಾದರೂ ಏನು ಮಾಡುತ್ತಾರೆ? ಮೊದಲು ಉಸಿರಾಟದ ತೊಂದರೆ ಇರುವವರ ಕಡೆ ಹೋಗುತ್ತಾರೆ. ಅಕ್ಕನೂ ಹಾಗೇ ಮಾಡಿದರು. 11 ಗಂಟೆಗೆ ಹುಡುಗನ ತಾಯಿ ಬಂದು, ‘ಸಿಸ್ಟರಮ್ಮ, ಹೊಟ್ಟೆ ನೋವು ಅಂತಿದಾನೆ, ಯಾಕೋ ಮಂಕಾಗಿದಾನೆ, ಕೈಕಾಲೆಲ್ಲ ತಣ್ಣಗಿದೆ’ ಅಂದರು. ಅಕ್ಕ ಬಿಪಿ ನೋಡಿದರು. 100/84. ಮೇಲಿನ ಅಂಕಿ 100 ನೋಡಿದರೆ ಪರವಾಗಿಲ್ಲ ಅನ್ನಿಸುತ್ತದೆ, ಅಲ್ಲವೇ? ಮೇಲಿನದರಲ್ಲಿ ಕೆಳಗಿನದನ್ನು ಕಳೆಯಿರಿ. ಉಳಿಯುವುದು 16. ಡೆಂಗ್ಯೂನಲ್ಲಿ ಈ ಅಂತರ 20ಕ್ಕೆ ಇಳಿಯಿತೆಂದರೆ ರೋಗಿ ಶಾಕ್‌ಗೆ ಜಾರುತ್ತಿದ್ದಾನೆ ಅಂತಲೇ ಲೆಕ್ಕ. ಅಕ್ಕ ಲ್ಯಾಬಿಗೆ ಫೋನ್ ಮಾಡಿದರು. ರಿಪೋರ್ಟ್ ಸಂಜೆ 4:30ಕ್ಕೇ ಸಿದ್ಧವಾಗಿ ಟ್ರೇಯಲ್ಲಿ ಬಿದ್ದಿತ್ತು. ಬೆಳಿಗ್ಗೆ 40 ಇದ್ದ ಪಿಸಿವಿ 49 ಆಗಿತ್ತು.

ರಕ್ತ ಜಾಸ್ತಿ ಆಯಿತು ಅಂತಲ್ಲ. ರಕ್ತನಾಳದಿಂದ ನೀರಿನಂಶ ಹೊರಗೆ ಸೋರಿ, ಒಳಗಿನ ರಕ್ತ ಗಟ್ಟಿಯಾಗಿತ್ತು. ಡೆಂಗ್ಯೂನಲ್ಲಿ ಈ ಸೋರಿಕೆ ಹೆಚ್ಚಾಗಿ ಶುರುವಾಗುವುದೇ ಜ್ವರ ಬಿಡುವ ಹೊತ್ತಿಗೆ. ನಾನು ಸಮಾಧಾನಕ್ಕೆಂದು ಬರೆದ ‘ಜ್ವರ ಇಲ್ಲ’ ಎನ್ನುವುದೇ ಎಚ್ಚರಿಕೆಯ ಮಾತಾಗಿತ್ತು. ಡ್ಯೂಟಿ ಡಾಕ್ಟರ್ ಓಡಿ ಬಂದು ಡ್ರಿಪ್ ಜೋರು ಮಾಡಿಸಿ ಐಸಿಯುಗೆ ಕಳಿಸಿದರು. ಹುಡುಗ ಉಳಿದ.

ಮರುದಿನ ಅಕ್ಕ ಬೈಯಲಿಲ್ಲ. ಬುಕ್ಕು ತೆರೆದು, ‘ಇದನ್ನ ಈಗ ಸರಿಯಾಗಿ ಬರಿ, ನಾನು ನೋಡ್ತೀನಿ’ ಅಂದರು. ಚಾರ್ಟ್ ಇಟ್ಟುಕೊಂಡು ಬರೆಯತೊಡಗಿದೆ. ಬೆಳಿಗ್ಗೆ ಬಿಪಿ 116/74. ಸಂಜೆ 6ಕ್ಕೆ ನಾನೇ ನೋಡಿದ್ದು 106/82. ಅಂತರ 42 ಇದ್ದದ್ದು 24 ಆಗಿತ್ತು. ನಾಡಿ 84ರಿಂದ 104. 3 ಗಂಟೆಯಿಂದ 8ರವರೆಗೆ ಮೂತ್ರ 80 ಎಂಎಲ್. 60 ಕೆಜಿ ಆಸಾಮಿಗೆ ಗಂಟೆಗೆ 30 ಎಂಎಲ್ ಆದರೂ ಆಗಬೇಕು, ಐದು ಗಂಟೆಗೆ 150. ಪೆನ್ನು ಹಿಡಿದ ಕೈ ಅಲ್ಲೇ ನಿಂತಿತು. ಹಿಂದಿನ ದಿನ ‘ಸ್ಟೇಬಲ್’ ಅನ್ನುವ ಬದಲು ಈ ಅಂಕಿಗಳನ್ನು ಬರೆಯಲು ಹೋಗಿದ್ದರೆ, ನಾನು ಮನೆಗೆ ಹೋಗುತ್ತಲೇ ಇರಲಿಲ್ಲ.

ದಯವಿಟ್ಟು ಆ ‘ಸ್ಟೇಬಲ್’ ಬಿಡಿ. ಬೆಳಿಗ್ಗೆಯ ಅಂಕಿ, ಈಗಿನ ಅಂಕಿ ಅಕ್ಕಪಕ್ಕ ಬರೆಯಿರಿ. ರೋಗಿ ಯಾವ ಕಡೆ ಹೋಗುತ್ತಿದ್ದಾರೆ ಅನ್ನುವುದು ಅಲ್ಲೇ ಕಾಣುತ್ತದೆ.

ಇನ್ನು ಬಾಕಿ ಪರೀಕ್ಷೆ. ಅಕ್ಕ ಬರೆಸಿದ ಸಾಲು ನನಗೆ ಇಂದಿಗೂ ಬಾಯಿಪಾಠ: ‘ಪಿಸಿವಿ, ಮಧ್ಯಾಹ್ನ 3ಕ್ಕೆ ಕಳಿಸಿದೆ, ಹಿಂದಿನದು 40. ರಾತ್ರಿ 8:30ಕ್ಕೆ ರಾತ್ರಿ ಸಿಸ್ಟರ್ ಲ್ಯಾಬಿಗೆ ಫೋನ್ ಮಾಡುವುದು. 45 ದಾಟಿದರೆ ಡ್ಯೂಟಿ ಡಾಕ್ಟರ್‌ಗೆ ತಕ್ಷಣ.’ ಹೊತ್ತು ಬಂತು, ಅಂಕಿ ಬಂತು, ಯಾರು ಅನ್ನುವುದೂ ಬಂತು. ಬುಕ್ಕಿನಲ್ಲಿ ಮಾತ್ರ ಅಲ್ಲಿ ನಿಜವಾದ ಹೆಸರನ್ನೇ ಬರೆಯಿರಿ, ಇಬ್ಬರು ಸಿಸ್ಟರ್ ಇದ್ದಾಗ ‘ರಾತ್ರಿ ಸಿಸ್ಟರ್’ ಅಂದರೆ ಯಾರೂ ಅಲ್ಲ. ‘45 ಅಂತ ನಾವು ಹೇಗೆ ಹೇಳೋದು ಮೇಡಂ?’ ಅಂತ ಎಲ್ಲ ತರಬೇತಿಯಲ್ಲೂ ಕೇಳುತ್ತಾರೆ. ನೀವು ಹೇಳಬೇಡಿ. ರಕ್ತ ಕಳಿಸುವಾಗಲೇ ಡಾಕ್ಟರನ್ನು ಕೇಳಿ: ‘ಸರ್, ಎಷ್ಟು ಬಂದರೆ ನಿಮಗೆ ಫೋನ್ ಮಾಡಲಿ?’ ಯಾವ ಡಾಕ್ಟರೂ ಇದಕ್ಕೆ ಸಿಟ್ಟಾಗುವುದಿಲ್ಲ. ಸಿಟ್ಟಾದರೂ ಕೇಳಿ.

ಸಮಯ ಆಗುತ್ತಾ ಬಂತು ಅಂತ ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಮೂರನೆಯ ಸಾಲನ್ನು ಬೇಗ ಹೇಳುತ್ತೇನೆ. ಯಾರನ್ನು ಕರೆಯಬೇಕು ಅನ್ನುವಲ್ಲಿ ಒಂದು ಹೆಸರು ಸಾಲದು, ಎರಡು ಬೇಕು. ಮೊದಲು ಡ್ಯೂಟಿ ಡಾಕ್ಟರ್. ಅವರು ಬೇರೆ ಎಮರ್ಜೆನ್ಸಿಯಲ್ಲಿದ್ದು 10 ನಿಮಿಷದಲ್ಲಿ ಬಾರದಿದ್ದರೆ ಮುಂದೆ ಯಾರು ಅನ್ನುವುದೂ ಬರೆದಿರಲಿ. ಅದನ್ನು ರಾತ್ರಿ 2 ಗಂಟೆಗೆ ಹುಡುಕುವಂತಾಗಬಾರದು. ಫೋನಿನಲ್ಲಿ ‘14ನೇ ಬೆಡ್ ಯಾಕೋ ಸರಿಯಿಲ್ಲ ಸರ್’ ಅನ್ನಬೇಡಿ. ‘ಡೆಂಗ್ಯೂ 5ನೇ ದಿನ, ಬಿಪಿ 100/84, ಪಿಸಿವಿ 40ರಿಂದ 49 ಆಗಿದೆ, ಶಾಕ್ ಅಂತ ನನ್ನ ಅನುಮಾನ, ಈಗಲೇ ಬಂದು ನೋಡಬೇಕು’ ಅನ್ನಿ. ಎಸ್‌ಬಾರ್ ಅಂತ ತರಬೇತಿಯಲ್ಲಿ ಹೇಳಿಕೊಡುವುದು ಇದನ್ನೇ. ಫೋನ್ ಮಾಡಿದ ಹೊತ್ತನ್ನು ಬುಕ್ಕಿನಲ್ಲಿ ಬರೆಯಿರಿ. ಡಾಕ್ಟರ್ ಹೇಳಿದ ಔಷಧಿಯನ್ನು, ಡೋಸನ್ನು ತಿರುಗಿ ಓದಿ ಹೇಳಿ, ಹೌದು ಅನ್ನಿಸಿಕೊಂಡ ಮೇಲೆಯೇ ಕೊಡಿ.

ಬರೆದದ್ದನ್ನು ಕೌಂಟರಿನಲ್ಲಿ ಕೂತು ಓದಿ ಒಪ್ಪಿಸಬೇಡಿ. ಇಬ್ಬರೂ ಬೆಡ್ ಹತ್ತಿರ ಹೋಗಿ. ಡ್ರಿಪ್ ಎಷ್ಟು ಉಳಿದಿದೆ, ಯೂರಿನ್ ಬ್ಯಾಗಿನಲ್ಲಿ ಎಷ್ಟಿದೆ, ಕೈ ಬೆಚ್ಚಗಿದೆಯೇ ನೋಡಿ. ಬಂದವರು ಅದನ್ನು ನೋಡಿ, ಬಾಕಿ ಪರೀಕ್ಷೆಯ ಸಾಲನ್ನು ಬಾಯಿಬಿಟ್ಟು ಓದಿ, ಆಮೇಲೆ ಸಹಿ ಹಾಕಲಿ. ಆ ಸಾಲಿನಲ್ಲಿ ಹೊತ್ತು, ಅಂಕಿ, ಹೆಸರು ಇಲ್ಲದಿದ್ದರೆ ಸಹಿ ಹಾಕಬೇಡಿ, ಹೊರಟವರನ್ನು ನಿಲ್ಲಿಸಿ ಅಲ್ಲೇ ಬರೆಸಿಕೊಳ್ಳಿ. ಅವರ ಬಸ್ಸು ತಪ್ಪಿದರೂ ಸರಿಯೇ. ನಮಸ್ಕಾರ.